ಏಳನೆಯ ಖಾನೆ ಖಾಲಿ

ನಾನು ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದ ಮೇಷ್ಟ್ರು. ಈಗ ನನ್ನ ಗುರುತು ಅದಲ್ಲ. ಆಸ್ಪತ್ರೆಯ ಎರಡನೆಯ ಮಹಡಿಯ ಡಯಾಲಿಸಿಸ್ ವಿಭಾಗದಲ್ಲಿ ನನ್ನನ್ನು 'ಏಳು' ಎನ್ನುತ್ತಾರೆ. ಒಂಬತ್ತು ಹಾಸಿಗೆಗಳಲ್ಲಿ ಕಿಟಕಿಯ ಪಕ್ಕದ್ದು ನನ್ನದು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಅಲ್ಲಿ ಮಲಗಿ, ಕೆಟ್ಟ ಮೂತ್ರಪಿಂಡಗಳ ಕೆಲಸವನ್ನು ಯಂತ್ರದ ಕೈಲಿ ಮಾಡಿಸಿಕೊಳ್ಳುತ್ತೇನೆ. ನಾಲ್ಕು ಗಂಟೆ ಸುಮ್ಮನೆ ಮಲಗುವುದು ನನ್ನಂಥ ಬಾಯಿಬಡುಕನಿಗೆ ಸುಲಭವಲ್ಲ. ಹಾಗಾಗಿ ಕಂಡವರ ತಪ್ಪು ತಿದ್ದುತ್ತಾ ಮಲಗಿರುತ್ತಿದ್ದೆ.

ನನ್ನ ಹಾಸಿಗೆಯ ಎದುರಿಗೆ ನೀರಿನ ಕೋಣೆಯ ಬಾಗಿಲು. ಆ ಕೋಣೆಯ ಒಡತಿಯ ಬಗ್ಗೆ ನಾನು ಇಲ್ಲಿ ಬರೆಯಬೇಕು. ಅವಳನ್ನು ನಾವೆಲ್ಲ ನೀರಮ್ಮ ಎನ್ನುತ್ತಿದ್ದೆವು. ನಲವತ್ತೈದು ದಾಟಿದ, ಗಿಡ್ಡನೆಯ, ಸೊಂಟಕ್ಕೆ ಸದಾ ಒಂದು ಟಾರ್ಚ್ ಸಿಕ್ಕಿಸಿಕೊಂಡ ಹೆಂಗಸು. ಒಬ್ಬ ರೋಗಿಯ ಒಂದು ಸರದಿಗೆ ನೂರು ಲೀಟರಿಗೂ ಹೆಚ್ಚು ನೀರು ಬೇಕು. ಆ ನೀರಿಗೂ ನಮ್ಮ ರಕ್ತಕ್ಕೂ ನಡುವೆ ಇರುವುದು ಒಂದು ತೆಳುವಾದ ಪೊರೆ ಮಾತ್ರ. ನೀರಿನಲ್ಲಿ ಬರಬಾರದ್ದು ಬಂದರೆ ಅದು ನೇರ ಮೈಗೆ ಸೇರುತ್ತದೆ. ಡಾಕ್ಟರು ಎಷ್ಟೇ ದೊಡ್ಡವರಾಗಲಿ, ನಮ್ಮ ಜೀವ ಇದ್ದದ್ದು ನೀರಮ್ಮನ ನಲ್ಲಿಯಲ್ಲಿ.

ಅವಳು ಮೊದಲು ಅದೇ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳಂತೆ. ಕೆಲಸ ಮಾಡುತ್ತಲೇ ತಾಂತ್ರಿಕ ಪರೀಕ್ಷೆ ಕಟ್ಟಿ, ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲ ಪಾಸಾಗಿ ನೀರಿನ ಕೋಣೆಗೆ ಬಂದವಳು. ಆಗ ಅಲ್ಲಿದ್ದದ್ದು ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಹಿರಿಯ. ಎಲ್ಲರೂ ತಾತ ಎನ್ನುತ್ತಿದ್ದರು. ಕೆಲಸದಲ್ಲಿ ನಿಸ್ಸೀಮ. ದಾಖಲೆ ಪುಸ್ತಕದಲ್ಲಿ ಮಾತ್ರ ಇಪ್ಪತ್ತು ವರ್ಷ ಒಂದೇ ಮಾತು ಬರೆದ ಪುಣ್ಯಾತ್ಮ: "ಆಯ್ತು. ಸರಿ ಇದೆ."

ತಾತ ಹೋದ ಮೇಲೆ ನೀರಮ್ಮ ಒಬ್ಬಳೇ. ಊರಿನ ನೀರಿಗೆ ಹಾಕುವ ಕ್ಲೋರಿನ್ ತೆಗೆಯಲು ಇದ್ದಿಲಿನ ಎರಡು ಟ್ಯಾಂಕುಗಳಿವೆ, ಒಂದರ ಹಿಂದೆ ಒಂದು. ಪ್ರತಿ ಸರದಿಗೂ ಮುಂಚೆ, ಮೊದಲ ಟ್ಯಾಂಕಿನಿಂದ ಹೊರಬಂದ ನೀರಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ನೋಡಬೇಕು. ಅವಳು ಬೆಳಿಗ್ಗೆ ಬಂದು, ಸ್ವಿಚ್ ಹಾಕಿ, ಕೂಡಲೇ ನೀರು ಹಿಡಿದು ನೋಡುತ್ತಿದ್ದಳು. ದಿನಾ ಸೊನ್ನೆ. ದಿನಾ ಬರೆಯುತ್ತಿದ್ದಳು: "ಆಯ್ತು. ಸರಿ ಇದೆ." ಒಂದು ದಿನ ಟ್ಯಾಂಕು ಹಾಕಿಕೊಟ್ಟ ಕಂಪನಿಯ ಎಂಜಿನಿಯರ್ ಮಧ್ಯಾಹ್ನ ಬಂದು ನೋಡಿದರೆ ಮೊದಲ ಟ್ಯಾಂಕಿನ ಇದ್ದಿಲು ಸುಸ್ತಾಗಿ ಹೋಗಿದೆ, ಕ್ಲೋರಿನ್ ಮಿತಿಯ ಮೂರು ಪಟ್ಟು! ಎರಡನೆಯ ಟ್ಯಾಂಕ್ ತಡೆದಿದ್ದಕ್ಕೆ ರೋಗಿಗಳು ಬಚಾವ್. ಆಗಿದ್ದಿಷ್ಟು: ರಾತ್ರಿಯೆಲ್ಲ ಇದ್ದಿಲಿನಲ್ಲಿ ನಿಂತ ನೀರು ಸುಸ್ತಾದ ಇದ್ದಿಲಿನಲ್ಲೂ ಶುದ್ಧವಾಗಿಯೇ ಬರುತ್ತದೆ. ನೀರು ಕಾಲು ಗಂಟೆಯಾದರೂ ಹರಿದ ಮೇಲೆ ಹಿಡಿದರೆ ಮಾತ್ರ ನಿಜ ಗೊತ್ತಾಗುವುದು.

ಅವಳು ತಾತನ ಮನೆಗೇ ಹೋಗಿ ಕೇಳಿದಳಂತೆ.

"ನೀವು ಇಪ್ಪತ್ತು ನಿಮಿಷ ಬಿಟ್ಟು ನೀರು ಹಿಡೀತಿದ್ರಾ ತಾತ?"

"ಹೂಂ ಮತ್ತೆ. ಅದು ಎಲ್ಲರಿಗೂ ಗೊತ್ತಿರೋದೇ ಅಲ್ವೇನಮ್ಮಾ?"

"ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ."

"ಕೇಳಿದ್ರೆ ಹೇಳ್ತಿದ್ನಲ್ಲ!"

"ಏನು ಕೇಳ್ಬೇಕು ಅಂತ ಗೊತ್ತಿದ್ರೆ ಅಲ್ವಾ ತಾತ ಕೇಳೋದು?"

ಅವತ್ತಿನಿಂದ ಅವಳು ಬದಲಾದಳು. ತನ್ನ ಬರಹ ಓದಿದವರು ತನಗೆ ಫೋನ್ ಮಾಡಬೇಕಾಗಿ ಬಂದರೆ ಆ ಬರಹ ದಂಡ ಎಂದು ತೀರ್ಮಾನಿಸಿದಳು. ಸ್ವಿಚ್ ಹಾಕಿದ್ದು ಎಷ್ಟು ಹೊತ್ತಿಗೆ, ನೀರು ಹಿಡಿದದ್ದು ಎಷ್ಟು ಹೊತ್ತಿಗೆ, ಎಲ್ಲಿಂದ, ಬಂದ ಅಂಕಿ ಎಷ್ಟು, ಮಿತಿ ಎಷ್ಟು, ಪರೀಕ್ಷೆಯ ಪಟ್ಟಿಗಳ ಡಬ್ಬಿಯ ನಂಬರು ಯಾವುದು, ಎಲ್ಲವನ್ನೂ ಬರೆಯತೊಡಗಿದಳು. ಶುರುವಿನಲ್ಲಿ ಅದೇ ವಿಷಯವನ್ನು ಒಂದು ಹಾಳೆಯಲ್ಲಿ ಬರೆದು ಮನೆಗೆ ಒಯ್ದು ಅತ್ತೆಯ ಕೈಗೆ ಕೊಡುತ್ತಿದ್ದಳಂತೆ. ಅತ್ತೆಗೆ ನೀರಿನ ಕೋಣೆ ಎಂದರೆ ಬಚ್ಚಲುಮನೆ. ಆಕೆ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಓದಿ, "ಮೂರನೇದನ್ನ ಮತ್ತೆ ತೊಳೆದೆ ಅಂದಿದೀಯ, ಯಾಕೆ ಅಂತ ಹೇಳೇ ಇಲ್ವಲ್ಲೇ?" ಎನ್ನುತ್ತಿದ್ದರು. ಸೊಸೆ ನಾಲಿಗೆ ಕಚ್ಚಿಕೊಂಡು ಮತ್ತೆ ಬರೆಯುತ್ತಿದ್ದಳು. ಅತ್ತೆ ಸೊಸೆ ಹೀಗೂ ಜಗಳವಾಡಬಹುದೆಂದು ನನಗೆ ಗೊತ್ತಿರಲಿಲ್ಲ.

ನನಗೂ ಅವಳಿಗೂ ಜಗಳ ಹತ್ತಿದ್ದು ಇದೇ ಪುಸ್ತಕದ ಮೇಲೆ. ಒಂದು ದಿನ ಬೇಸರಕ್ಕೆ ಆ ಪುಸ್ತಕ ಕೇಳಿದೆ. ಓದಿ ತಲೆ ಚಚ್ಚಿಕೊಳ್ಳುವಂತಾಯಿತು.

"ಇದೇನಮ್ಮಾ ಇದು? ಕಿರಾಣಿ ಅಂಗಡಿ ಚೀಟಿ ಇದ್ದ ಹಾಗಿದೆ. 'ತೊಳೆದೆ. ನೋಡಿದೆ. ಮುಚ್ಚಿದೆ.' ಒಂದು ಘನತೆ ಬೇಡ್ವಾ?"

"ಹಂಗಾದ್ರೆ ನೀವೇ ಬರೆದುಕೊಡಿ ಮೇಷ್ಟ್ರೇ," ಎಂದಳು.

ಬಿಡುತ್ತೇನೆಯೇ? ಸೂಜಿ ಚುಚ್ಚದ ಕೈಯಲ್ಲಿ ಪೆನ್ನು ಹಿಡಿದು, ಕಂಬಳದಲ್ಲಿ ಕೋಣ ಓಡಿಸುವವನ ಹುಮ್ಮಸ್ಸಿನಲ್ಲಿ ಬರೆದೆ: "ಎಲ್ಲ ಒಂಬತ್ತು ಹಾಸಿಗೆಗಳ ಜಲಮಾರ್ಗದ ಶುದ್ಧೀಕರಣ ಕಾರ್ಯವನ್ನು ನಿಯಮಾನುಸಾರ ಯಶಸ್ವಿಯಾಗಿ ಪೂರೈಸಲಾಗಿದ್ದು, ಸಮಸ್ತವೂ ಸುಸ್ಥಿತಿಯಲ್ಲಿರುತ್ತದೆ."

ಅವಳು ಎರಡು ಸಲ ಓದಿದಳು. "ಚೆನ್ನಾಗಿದೆ ಮೇಷ್ಟ್ರೇ. ಯಾರು ಪೂರೈಸಿದ್ದು?"

"ನೀನೇ ಅಲ್ವೇನಮ್ಮಾ?"

"ಇದರಲ್ಲಿ ನಾನು ಎಲ್ಲಿದೀನಿ? ಯಾವತ್ತು, ಎಷ್ಟೊತ್ತಿಗೆ? ಸುಸ್ಥಿತಿ ಅಂತ ಹೇಗೆ ಗೊತ್ತಾಯ್ತು?"

"ಅದೆಲ್ಲ ಅಧ್ಯಾಹಾರ ಕಣಮ್ಮಾ, ಓದುವವರೇ ತಿಳ್ಕೋತಾರೆ," ಎಂದೆ. ಅವಳು ನಕ್ಕು ಹೋದಳು. ಆದರೆ ನನ್ನ ವಾಕ್ಯಕ್ಕೆ ಒಬ್ಬ ಅಭಿಮಾನಿ ಸಿಕ್ಕಿದ. ವಿಭಾಗದ ಮ್ಯಾನೇಜರ್! ನೀರಮ್ಮನ ಉದ್ದುದ್ದ ಬರಹ ಕಂಡರೆ ಅವರಿಗೆ ಮೈಯೆಲ್ಲ ಉರಿ. ನನ್ನ ಹಾಳೆಯನ್ನು ಒಯ್ದವರು ವಾರದೊಳಗೆ ಅದನ್ನು ರಬ್ಬರ್ ಮೊಹರು ಮಾಡಿಸಿ ತಂದರು. ನೇರಳೆ ಶಾಯಿಯಲ್ಲಿ ನನ್ನ ವಾಕ್ಯ! ಮೂವತ್ತನಾಲ್ಕು ವರ್ಷದಲ್ಲಿ ನನ್ನದೊಂದು ಸಾಲೂ ಅಚ್ಚಾಗಿರಲಿಲ್ಲ. ನಾನು ಹಿಗ್ಗಿ ಹೀರೇಕಾಯಿಯಾದೆ, ಸುಳ್ಳು ಯಾಕೆ ಹೇಳಲಿ.

ನೀರಮ್ಮ ಆ ಮೊಹರನ್ನು ಮುಟ್ಟಲಿಲ್ಲ. ಅದು ಮೇಜಿನ ಮೇಲೆ ಧೂಳು ತಿನ್ನುತ್ತಾ ಕುಳಿತಿತ್ತು.

ಇನ್ನು ಆ ಭಾನುವಾರದ ವಿಷಯ. ನಾನು ಅಲ್ಲಿರಲಿಲ್ಲ. ಅವಳು ಹೇಳಿದ್ದು ಮತ್ತು ಪುಸ್ತಕದಲ್ಲಿ ನಾನೇ ಓದಿದ್ದು ಸೇರಿಸಿ ಹೇಳುತ್ತೇನೆ.

ಭಾನುವಾರ ವಿಭಾಗಕ್ಕೆ ರಜೆ. ರೋಗಿಗಳಿಲ್ಲದ ಆ ದಿನ ಗೋಡೆಗುಂಟ ಹೋಗುವ ಕೊಳವೆಗೆ ರೋಗಾಣು ಕೊಲ್ಲುವ ಔಷಧಿ ಬಿಟ್ಟು, ಒಂದಿಷ್ಟು ಹೊತ್ತು ನಿಲ್ಲಿಸಿ, ಶುದ್ಧ ನೀರಿನಿಂದ ತೊಳೆದು ತೆಗೆಯಬೇಕು. ಔಷಧಿ ಒಂದು ತೊಟ್ಟೂ ಉಳಿಯಬಾರದು. ಉಳಿದದ್ದು ರೋಗಿಗೆ ಹೋದರೆ ರಕ್ತದ ಕಣಗಳು ಒಡೆಯುತ್ತವೆ. ಆದ್ದರಿಂದ ಕೊನೆಗೆ ಪ್ರತಿ ಹಾಸಿಗೆಯ ನಲ್ಲಿಯಿಂದಲೂ ನೀರು ಹಿಡಿದು, ಪರೀಕ್ಷೆಯ ಪಟ್ಟಿ ಅದ್ದಿ, ಬಣ್ಣ ತಿರುಗುತ್ತದೆಯೇ ಎಂದು ನೋಡಬೇಕು.

ಆ ದಿನ ಎಂಟು ನಲ್ಲಿಗಳು ಹೇಳಿದ ಮಾತು ಕೇಳಿದವು. ಏಳನೆಯದು ಔಷಧಿ ಬಿಡುವಾಗ ತೆರೆದುಕೊಂಡಿತ್ತು; ಮುಚ್ಚಿದ ಮೇಲೆ ಕಚ್ಚಿಕೊಂಡು ಕೂತಿತು. ನೀರಮ್ಮ ಸ್ಪ್ಯಾನರ್ ಹಾಕಿದಳು, ಬೈದಳು, ಗೋಗರೆದಳು. ಜಪ್ಪಯ್ಯ ಅನ್ನಲಿಲ್ಲ. ಕೊಳಾಯಿಯವನಿಗೆ ಫೋನ್ ಮಾಡಿದರೆ ಸಂಜೆಗೆ ಮುಂಚೆ ಬರಲಾಗದು ಎಂದ. ಅವಳು ನಲ್ಲಿಗೆ ಕೆಂಪು ಚೀಟಿ ಕಟ್ಟಿ, ಬರೆಯಲು ಕುಳಿತಳು.

ಆಗ ಮ್ಯಾನೇಜರ್ ಬಂದರು. ರಜಾ ದಿನ ಅವರು ಬಂದದ್ದಕ್ಕೆ ಕಾರಣವಿತ್ತು. ಸೋಮವಾರ ಬೆಳಿಗ್ಗೆ ತಪಾಸಣೆ. ದಾಖಲೆ ಸರಿಯಿಲ್ಲದಿದ್ದರೆ ವಿಭಾಗದ ಪರವಾನಗಿಯನ್ನೇ ತಡೆಹಿಡಿಯುತ್ತಾರೆಂದು ಸುದ್ದಿ ಹಬ್ಬಿತ್ತು.

"ನೋಡಮ್ಮಾ, 'ತೊಳೆದಿಲ್ಲ, ಪರೀಕ್ಷೆ ಆಗಿಲ್ಲ' ಅಂತೆಲ್ಲ ನಾಳೆ ಅವರ ಕಣ್ಣಿಗೆ ಬಿದ್ರೆ ನಮ್ಮ ಕಥೆ ಮುಗೀತು. ಸಂಜೆ ನಲ್ಲಿ ರಿಪೇರಿ ಆಗುತ್ತೆ. ಮೊಹರು ಒತ್ತಿ ಸಹಿ ಹಾಕಿ ಹೋಗಿಬಿಡಿ."

"ರಿಪೇರಿ ಆದ್ಮೇಲೆ ತೊಳೀಬೇಕು ಸರ್. ಆಮೇಲೆ ನೋಡ್ಬೇಕು. ನಾಳೆ ನಾನಿರಲ್ಲ, ನಮ್ಮತ್ತೆ ಕಣ್ಣಿನ ಆಪರೇಷನ್. ನನ್ನ ಬದಲು ಬರೋರು ನನ್ನ ಮುಖಾನೂ ನೋಡಿಲ್ಲ. ಅವರಿಗೆ ಇರೋದು ಈ ಪುಸ್ತಕ ಒಂದೇ."

"ಫೋನ್ ಮಾಡಿ ಹೇಳಿದ್ರಾಯ್ತಲ್ಲ."

"ಏನು ಕೇಳ್ಬೇಕು ಅಂತಾನೇ ಗೊತ್ತಿಲ್ದೆ ಇರೋರು ಯಾಕೆ ಸರ್ ಫೋನ್ ಮಾಡ್ತಾರೆ?"

ಮ್ಯಾನೇಜರ್ ಸ್ವರ ಬದಲಾಯಿತು. "ನಿಮ್ಮನ್ನ ಬಟ್ಟೆ ಒಗೆಯೋ ವಿಭಾಗಕ್ಕೆ ವಾಪಸ್ ಕಳಿಸೋಕೆ ನನಗೆ ಒಂದು ಸಹಿ ಸಾಕು, ಗೊತ್ತಲ್ಲ?"

ಇದು ಬರೀ ಬೆದರಿಕೆಯಲ್ಲವೆಂದು ಅವಳಿಗೆ ಗೊತ್ತಿತ್ತು. ಹನ್ನೊಂದು ವರ್ಷದ ದುಡಿಮೆ, ಎರಡು ಡುಮ್ಕಿ, ರಾತ್ರಿಯ ಓದು, ಎಲ್ಲ ಸೇರಿ ಅವಳಿಗೆ ಸಿಕ್ಕಿದ್ದು ಈ ಕೋಣೆಯೊಂದೇ. ಆದರೂ ಪೆನ್ನು ಕೆಳಗಿಡಲಿಲ್ಲ.

"ಕಳಿಸಿ ಸರ್. ಅಲ್ಲೂ ಬರೀತೀನಿ. ಮಾಡಿದ್ದನ್ನ ಬರೀತೀನಿ, ಮಾಡದೆ ಇದ್ದಿದ್ದನ್ನೂ ಬರೀತೀನಿ. ಮೊಹರು ಮಾತ್ರ ಒತ್ತಲ್ಲ."

ಅವಳು ಬರೆದದ್ದು ಹೀಗಿತ್ತು. ನನಗೆ ಈಗ ಬಾಯಿಪಾಠ.

"ಭಾನುವಾರದ ಶುದ್ಧೀಕರಣ. ಮಾಡಿದವಳು ನಾನೇ, ಕೆಳಗೆ ಸಹಿ ಇದೆ. ಬೆಳಿಗ್ಗೆ 8:10ಕ್ಕೆ ಔಷಧಿ ಬಿಟ್ಟೆ. 8:50ರವರೆಗೆ ನಿಲ್ಲಿಸಿದೆ. ಆಮೇಲೆ 10:30ರವರೆಗೆ ತೊಳೆದೆ. 10:35ರಿಂದ 11ರವರೆಗೆ ನಲ್ಲಿಗಳ ನೀರಿಗೆ ಪಟ್ಟಿ ಅದ್ದಿ ನೋಡಿದೆ. ಪಟ್ಟಿಗಳ ಡಬ್ಬಿಯ ನಂಬರು ಪುಟದ ಮೇಲಿದೆ. 1ರಿಂದ 6, ಮತ್ತು 8, 9: ಬಣ್ಣ ತಿರುಗಲಿಲ್ಲ, ಔಷಧಿ ಉಳಿದಿಲ್ಲ. 7: ಔಷಧಿ ಒಳಗೆ ಹೋದ ಮೇಲೆ ನಲ್ಲಿ ಕಚ್ಚಿಕೊಂಡಿತು. ತೊಳೆದಿಲ್ಲ. ಪರೀಕ್ಷೆ ಆಗಿಲ್ಲ. ಒಳಗೆ ಔಷಧಿ ನಿಂತಿದೆ. ಕೊಳಾಯಿಯವರಿಗೆ 11:05ಕ್ಕೆ ಹೇಳಿದ್ದೇನೆ. ಮುಂದಿನವರಿಗೆ: ನಲ್ಲಿ ಬದಲಿಸಿದರೂ ಅಷ್ಟೇ ಸಾಲದು. ಹೊಸ ನಲ್ಲಿಗೂ ಔಷಧಿ ಬಿಟ್ಟು, ತೊಳೆದು, ಪಟ್ಟಿ ನೋಡಿ, ಬಂದದ್ದನ್ನು ಕೆಳಗಿನ ಏಳನೆಯ ಖಾನೆಯಲ್ಲಿ ಬರೆದು ಸಹಿ ಮಾಡಿ. ಆ ಖಾನೆ ಖಾಲಿ ಇರುವವರೆಗೆ 7ಕ್ಕೆ ಯಂತ್ರ ಜೋಡಿಸಬಾರದು."

ಅದರ ಕೆಳಗೆ ಒಂಬತ್ತು ಖಾನೆ. ಎಂಟರಲ್ಲಿ ಸಮಯ, ಫಲಿತಾಂಶ, ಸಹಿ. ಏಳನೆಯದು ಖಾಲಿ.

ಅವಳು ಹೋದಳು. ಸಂಜೆ ಕೊಳಾಯಿಯವನು ಬಂದ. ನಲ್ಲಿಯ ಬೆನ್ನಿಗಿದ್ದ ಚಿಕ್ಕ ವಾಲ್ವ್ ಮುಚ್ಚಿ, ಹಳೆಯ ನಲ್ಲಿ ಬಿಚ್ಚಿ ಹೊಸದನ್ನು ಹಾಕಿ, ವಾಲ್ವ್ ತೆರೆದ. ಕೆಂಪು ಚೀಟಿ ಕಿತ್ತು ಬುಟ್ಟಿಗೆ ಹಾಕಿದ. ಗೋಡೆಯ ಬಿಳಿ ಹಲಗೆಯ ಮೇಲೆ "7 ಸರಿ ಆಯ್ತು" ಎಂದು ಗೀಚಿ ಮನೆಗೆ ಹೋದ. ಅವನದೇನೂ ತಪ್ಪಿಲ್ಲ. ಅವನ ಪಾಲಿಗೆ ಸರಿ ಆಗಿತ್ತು. ಮ್ಯಾನೇಜರ್ ಅದನ್ನು ನೋಡಿ, ನೀರಮ್ಮನ ಬರಹದ ಕೆಳಗೆ ಜಾಗ ಮಾಡಿಕೊಂಡು, ನನ್ನ ವಾಕ್ಯವನ್ನು ಠಪ್ಪೆಂದು ಒತ್ತಿದರು.

ಸೋಮವಾರ ಬೆಳಿಗ್ಗೆ ಆರೂವರೆಗೆ ನಾನು ಹಾಜರ್. ಎರಡು ದಿನದ ನೀರು ಮೈಯಲ್ಲಿ ತುಂಬಿ ಕಾಲು ಊದಿಕೊಂಡು, ಉಸಿರು ಭಾರವಾಗಿತ್ತು. ಉಳಿದ ಎಂಟು ಜನಕ್ಕೂ ಸೂಜಿ ಚುಚ್ಚಿದರು. ನನ್ನ ಹಾಸಿಗೆಯ ಹತ್ತಿರ ನೀರಮ್ಮನ ಬದಲಿಗೆ ಬಂದಿದ್ದ ದಪ್ಪ ಮೀಸೆಯ ಮನುಷ್ಯ ಪುಸ್ತಕ ಹಿಡಿದು ನಿಂತಿದ್ದ.

"ಹಲಗೆ ಮೇಲೆ ಸರಿ ಆಯ್ತು ಅಂತಿದೆಯಲ್ಲ ಸರ್," ಎಂದಳು ನರ್ಸ್. "ಜೋಡಿಸ್ಲಾ?"

"ಬೇಡ ಸಿಸ್ಟರ್. ಇಲ್ಲಿ ಏಳನೇ ಖಾನೆ ಖಾಲಿ ಇದೆ."

ನನಗೆ ರೇಗಿತು. "ರೀ ಸ್ವಾಮಿ, ಅದರ ಕೆಳಗೆ ಮೊಹರು ಇದೆ, ನೋಡಿ! 'ಎಲ್ಲ ಒಂಬತ್ತು ಹಾಸಿಗೆಗಳ' ಅಂತ ಅಚ್ಚ ಕನ್ನಡದಲ್ಲಿ ಬರೆದಿದೆ. ಅದು ನನ್ನದೇ ವಾಕ್ಯ ಕಣ್ರೀ. ನನಗೆ ಗೊತ್ತಿಲ್ವಾ ಅದರ ಅರ್ಥ?"

"ಅರ್ಥ ಗೊತ್ತಾಯ್ತು ಯಜಮಾನ್ರೇ. ಯಾರು ನೋಡಿದ್ರು, ಯಾವಾಗ ನೋಡಿದ್ರು ಅಂತ ಗೊತ್ತಾಗ್ಲಿಲ್ಲ. ಮೇಲೆ ಬರೆದಿರೋ ಅಮ್ಮ ನನಗೆ ಗೊತ್ತಿಲ್ಲ. ಆದ್ರೆ ಅವರು ಏನು ಮಾಡಿದ್ರು, ಏನು ಬಿಟ್ರು ಅಂತ ಕಣ್ಣಾರೆ ಕಂಡ ಹಾಗಿದೆ. ನಾನು ಅವರನ್ನೇ ನಂಬ್ತೀನಿ."

"ನನ್ನ ಜೀವ ಹೋಗ್ತಿದೆ ಇಲ್ಲಿ!" ಎಂದು ಕೂಗಾಡಿದೆ. ಇಡೀ ವಿಭಾಗ ತಿರುಗಿ ನೋಡಿತು. ನಾಚಿಕೆಯಾಗುತ್ತದೆ ಈಗ. ಮೀಸೆಯವನು ಒಂದು ಲೋಟ ತಂದು ಹೊಸ ನಲ್ಲಿಯ ಕೆಳಗೆ ಹಿಡಿದು ತಿರುಗಿಸಿದ. ಮೊದಲು ಮೂಗಿಗೆ ಹುಳಿ ವಾಸನೆ ಬಂತು. ಆಮೇಲೆ ಅವನು ಪಟ್ಟಿ ಅದ್ದಿ ಎತ್ತಿದ. ಬಿಳಿ ಪಟ್ಟಿ ನನ್ನ ಕಣ್ಣೆದುರಿಗೇ ಕಪ್ಪಾಯಿತು.

ಆ ಲೋಟದಲ್ಲಿದ್ದದ್ದು ಇನ್ನು ಸ್ವಲ್ಪ ಹೊತ್ತಿಗೆ ನನ್ನ ರಕ್ತದ ಪಕ್ಕ ಹರಿಯಬೇಕಿತ್ತು. ಅದನ್ನು ಹರಿಸಿ ಎಂದು ಕೂಗಿದವನು ನಾನೇ. ಅದಕ್ಕೆ ಸಾಕ್ಷಿಯಾಗಿ ತೋರಿಸಿದ್ದೂ ನನ್ನದೇ ವಾಕ್ಯ. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಎಂದು ಎಷ್ಟು ಮಕ್ಕಳಿಗೆ ಗಾದೆ ವಿಸ್ತರಿಸಲು ಕೊಟ್ಟಿದ್ದೆನೋ ಲೆಕ್ಕವಿಲ್ಲ. ನಾನು ಗುಂಡಿಯ ಅಂಚಿನಲ್ಲಿ ನಿಂತು, ತಳ್ಳಿ ಎಂದು ಹಟ ಹಿಡಿದಿದ್ದೆ.

ಅವನು ಹೊಸ ಕೆಂಪು ಚೀಟಿ ಕಟ್ಟಿ, ಏಳನೆಯ ಖಾನೆಯಲ್ಲಿ ಬರೆದ: "6:55. ಪಟ್ಟಿ ಕಪ್ಪಾಯಿತು. ಔಷಧಿ ಇದೆ. 7 ಇವತ್ತು ಮುಚ್ಚಿದೆ." ಡಾಕ್ಟರು ಬಂದು ನನ್ನನ್ನು ನೋಡಿ, ಕಾಯಬಹುದು ಎಂದರು. ಹನ್ನೊಂದಕ್ಕೆ ನಾಲ್ಕನೆಯ ಹಾಸಿಗೆ ಖಾಲಿಯಾದಾಗ ಮೇಕೆಮರಿಯ ಹಾಗೆ ಹೋಗಿ ಮಲಗಿದೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ತಪಾಸಣೆಗೆ ಬಂದ ಅಧಿಕಾರಿಯೂ ನೀರಿನ ಕೋಣೆಗೆ ಬಂದೇ ಬಂದರು. ಸಣ್ಣ ದನಿಯ, ಒರಟು ಬೂಟಿನ ಹೆಂಗಸು. ಪುಸ್ತಕ ತೆರೆದು ಓದಿದರು. ಪುಟದ ಮೇಲಿನ ನಂಬರು ನೋಡಿ, ಕಪಾಟಿನಿಂದ ಪಟ್ಟಿಗಳ ಡಬ್ಬಿ ತೆಗೆದು ತಾಳೆ ಹಾಕಿದರು. ಬಾಗಿ ಏಳನೆಯ ನಲ್ಲಿಯ ಕೆಂಪು ಚೀಟಿ ನೋಡಿದರು. ಯಾರನ್ನೂ ಏನೂ ಕೇಳಲಿಲ್ಲ. ಕೇಳಬೇಕಾದ್ದು ಪುಟದಲ್ಲೇ ಇತ್ತು. ಕೊನೆಗೆ ಮಾತ್ರ ನೇರಳೆ ಮೊಹರಿನ ಮೇಲೆ ಬೆರಳಿಟ್ಟರು.

"ಇದನ್ನ ಒತ್ತಿದ್ದು ಯಾರು?"

ಮ್ಯಾನೇಜರ್ ಚಾವಣಿ ನೋಡಿದರು. ನಾಲ್ಕನೆಯ ಹಾಸಿಗೆಯಲ್ಲಿ ನಾನು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಆಮೇಲೆ ಮನಸ್ಸು ತಡೆಯದೆ ಹೇಳಿಬಿಟ್ಟೆ: "ಬರೆದದ್ದು ನಾನು ತಾಯಿ. ಒತ್ತಿದ್ದು ನಾನಲ್ಲ."

ಮ್ಯಾನೇಜರ್ ಕೆಮ್ಮಿದರು. ನಂತರ, ಪಾಪ, ಒಪ್ಪಿಕೊಂಡರು.

ವಿಭಾಗಕ್ಕೇನೂ ಆಗಲಿಲ್ಲ. ವರದಿಯಲ್ಲಿ ಮೊಹರಿನ ಬಗ್ಗೆ ಒಂದು ಆಕ್ಷೇಪ ಬಂತು, ಅದನ್ನು ಬಳಸಬಾರದೆಂದು ಆಜ್ಞೆಯೂ ಬಂತು. ನೀರಿನ ಕೋಣೆಯ ದಾಖಲೆಯನ್ನು ಯಾರ ಸಹಾಯವೂ ಇಲ್ಲದೆ ಅರ್ಥಮಾಡಿಕೊಳ್ಳಬಹುದಾಗಿದೆ ಎಂಬ ಸಾಲು ಅದರ ಪಕ್ಕದಲ್ಲೇ ಇತ್ತು. ಬಟ್ಟೆ ಒಗೆಯುವ ವಿಭಾಗದ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಬುಧವಾರ ನೀರಮ್ಮ ಬಂದಳು. ಅತ್ತೆಯ ಕಣ್ಣು ಚೆನ್ನಾಗಿದೆಯಂತೆ, ಇನ್ನು ಮೇಲೆ ಇನ್ನೂ ಹೆಚ್ಚು ತಪ್ಪು ಹುಡುಕುತ್ತಾರೆ ಎಂದು ನಕ್ಕಳು. ಅವಳು ಮೊದಲು ನನ್ನನ್ನು ಮಾತಾಡಿಸಲಿಲ್ಲ, ಪುಸ್ತಕ ತೆರೆದಳು. ಮೀಸೆಯವನು ಮಂಗಳವಾರ ಸಂಜೆ ಏಳನೆಯ ನಲ್ಲಿಗೆ ಮತ್ತೆ ಔಷಧಿ ಬಿಟ್ಟು, ತೊಳೆದು, ಪಟ್ಟಿ ನೋಡಿ, ಸಮಯ ಸಮೇತ ಬರೆದಿದ್ದ. ಓದಿ ಮುಗಿಸಿದ ಮೇಲೆ ನನ್ನ ಕಡೆ ತಿರುಗಿದಳು. "ಏಳು ಸಿದ್ಧ ಮೇಷ್ಟ್ರೇ, ಬನ್ನಿ."

ಅವಳ ಕಾಲಿಗೆ ಬೀಳಬೇಕೆನಿಸಿತು. ವಯಸ್ಸು, ಬಿಗುಮಾನ, ಊದಿದ ಕಾಲು, ಯಾವುದೂ ಬಿಡಲಿಲ್ಲ. ಮನೆಯಲ್ಲಿ ನಾಲ್ಕು ಸಲ ಬರೆದು ಹರಿದು, ಐದನೆಯ ಸಲ ಬರೆದು ತಂದಿದ್ದ ಚೀಟಿಯನ್ನು ಕೊಟ್ಟೆ.

"ಸೋಮವಾರ ಬೆಳಿಗ್ಗೆ ಏಳನೆಯ ಹಾಸಿಗೆಯ ರೋಗಿ ನಾನು, ಮೊಹರು ನಂಬಿ ಅವಸರ ಮಾಡಿದೆ. ತಪ್ಪು ನನ್ನದು. ಬದುಕಿದ್ದು ಖಾಲಿ ಖಾನೆಯಿಂದ. ಕೃತಜ್ಞತೆ ಹೇಳುವುದು ಬಾಕಿ ಇತ್ತು, ಈಗ ಹೇಳಿದ್ದೇನೆ." ಕೆಳಗೆ ನನ್ನ ಸಹಿ.

ಅವಳು ಓದಿದಳು. ಕಣ್ಣು ತುಂಬಿತು, ಸೆರಗಿನ ತುದಿಯಲ್ಲಿ ಒರೆಸಿಕೊಂಡಳು. ಆಮೇಲೆ ಚೀಟಿಯನ್ನು ವಾಪಸ್ ನನ್ನ ಕೈಗಿಟ್ಟು, ಮೇಲಂಗಿಯ ಜೇಬಿನಿಂದ ಪೆನ್ನು ತೆಗೆದುಕೊಟ್ಟಳು.

"ಎಲ್ಲ ಸರಿಯಾಗಿದೆ ಮೇಷ್ಟ್ರೇ. ಸಮಯ ಬರೆದಿಲ್ಲ."

ನಾನು ಗೋಡೆಯ ಗಡಿಯಾರ ನೋಡಿ, ಸಹಿಯ ಪಕ್ಕದಲ್ಲಿ ಬರೆದೆ: ಬುಧವಾರ, ಬೆಳಿಗ್ಗೆ 6:40.